ಅಪ್ಪ ತೀರಿಕೊಂಡರು, ಅವರ ಸಾಲವನ್ನು ಮಕ್ಕಳು ತೀರಿಸಬೇಕೇ?

ತಿಂಗಳಿಗೆ ಎರಡು ಮೂರು ಸಲವಾದರೂ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ಕೇಳುವವರು ಬೇರೆ ಬೇರೆ, ಮಾತು ಮಾತ್ರ ಒಂದೇ. "ಅಪ್ಪನ ಹೆಸರಲ್ಲಿ ಪರ್ಸನಲ್ ಲೋನ್ ಇತ್ತು, ಕ್ರೆಡಿಟ್ ಕಾರ್ಡ್ ಬಾಕಿನೂ ಇದೆ. ಬ್ಯಾಂಕಿನವರು ದಿನಾ ಫೋನ್ ಮಾಡ್ತಿದ್ದಾರೆ. ನನ್ನ ಸಂಬಳಕ್ಕೆ ಕೈ ಹಾಕ್ತಾರಾ?"

ಉತ್ತರ ಚಿಕ್ಕದು. ನೀವು ಆ ಸಾಲಕ್ಕೆ ಸಹಿ ಹಾಕಿಲ್ಲವಾದರೆ ನಿಮ್ಮ ಸಂಬಳ, ನಿಮ್ಮ ಉಳಿತಾಯ, ನೀವು ದುಡಿದು ಕಟ್ಟಿಸಿದ ಮನೆ ಯಾವುದಕ್ಕೂ ಬ್ಯಾಂಕು ಕೈ ಹಾಕುವಂತಿಲ್ಲ. ಆದರೆ ಅಪ್ಪ ಬಿಟ್ಟುಹೋದ ಆಸ್ತಿ ನಿಮ್ಮ ಕೈಗೆ ಬಂದಿದ್ದರೆ ಆ ಆಸ್ತಿಯ ಬೆಲೆಯಷ್ಟರ ಮಟ್ಟಿಗೆ ಸಾಲ ಅದನ್ನು ಹಿಂಬಾಲಿಸುತ್ತದೆ. ಸಾಲ ನಡೆಯುವುದು ಆಸ್ತಿಯ ಬೆನ್ನ ಹಿಂದೆ, ಮಕ್ಕಳ ಬೆನ್ನ ಹಿಂದೆ ಅಲ್ಲ.

ಇದು ಯಾರದೋ ದಯೆಯಲ್ಲ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಮಿನಲ್ಲೇ ಇರುವ ಮಾತು. ತೀರಿಕೊಂಡವರ ಸಾಲಕ್ಕೆ ಅವರ 'ಕಾನೂನುಬದ್ಧ ಪ್ರತಿನಿಧಿ' ಹೊಣೆಯಾಗುವುದು ತನ್ನ ಕೈಗೆ ಬಂದ ಮೃತರ ಆಸ್ತಿಯಷ್ಟಕ್ಕೆ ಮಾತ್ರ. ಕಾನೂನುಬದ್ಧ ಪ್ರತಿನಿಧಿ ಎಂದರೆ ಮೃತರ ಆಸ್ತಿಯ ಪರವಾಗಿ ನಿಲ್ಲುವವರು. ಸಾಮಾನ್ಯವಾಗಿ ಹೆಂಡತಿ ಮಕ್ಕಳು. ವಾರಸುದಾರರಲ್ಲದಿದ್ದರೂ ಮೃತರ ಆಸ್ತಿಯನ್ನು ತಾವೇ ಎತ್ತಿಕೊಂಡು ನಿಭಾಯಿಸಲು ಹೊರಟವರೂ ಇದರಲ್ಲಿ ಸೇರುತ್ತಾರೆ. ಯಾವ ಧರ್ಮದವರಿಗಾದರೂ ಈ ಕಲಂ ಅನ್ವಯಿಸುತ್ತದೆ.

"ಅಪ್ಪನ ಸಾಲ ತೀರಿಸೋದು ಮಗನ ಧರ್ಮ" ಎಂಬ ಮಾತು ಬಂದೇ ಬರುತ್ತದೆ. ಒಂದು ಕಾಲದಲ್ಲಿ ಹಿಂದೂ ಕಾನೂನಿನಲ್ಲೂ ಅದಕ್ಕೆ ಜಾಗವಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿ ಆ ಬಾಗಿಲು ಮುಚ್ಚಿತು. 2005ರ ಸೆಪ್ಟೆಂಬರ್ 9ರ ನಂತರ ಅಪ್ಪ, ಅಜ್ಜ, ಮುತ್ತಜ್ಜ ಮಾಡಿದ ಸಾಲಕ್ಕೆ ಧರ್ಮದ ಹೊಣೆ ಎಂಬ ಒಂದೇ ಕಾರಣ ಕೊಟ್ಟು ಮಗ, ಮೊಮ್ಮಗ, ಮರಿಮಗನ ಮೇಲೆ ಹೋಗಲು ನ್ಯಾಯಾಲಯ ಒಪ್ಪುವುದಿಲ್ಲ. ಈಗ ನಡೆಯುತ್ತಿರುವ ಪರ್ಸನಲ್ ಲೋನು, ಕಾರ್ಡು ಬಾಕಿಗಳೆಲ್ಲ ಹೆಚ್ಚುಕಡಿಮೆ ಈ ದಿನಾಂಕದ ಈಚೆಗಿನವೇ. ತೀರಿಸುವುದು ಧರ್ಮ ಎಂದು ನಿಮಗೇ ಅನ್ನಿಸಿದರೆ ಅದು ನಿಮ್ಮ ನಿರ್ಧಾರ, ಫೋನಿನಲ್ಲಿ ಮಾತಾಡುವ ರಿಕವರಿಯವರದಲ್ಲ.

ಮನೆ ಸಾಲ, ವಾಹನ ಸಾಲ, ಚಿನ್ನದ ಸಾಲಗಳ ಲೆಕ್ಕವೇ ಬೇರೆ. ಅಲ್ಲಿ ಅಡವಿಟ್ಟ ವಸ್ತುವಿನ ಮೇಲೆ ಬ್ಯಾಂಕಿಗೆ ನೇರ ಹಿಡಿತವಿರುತ್ತದೆ. ಈ ಲೇಖನ ಅಡಮಾನವಿಲ್ಲದ ಸಾಲಗಳಿಗೆ ಮಾತ್ರ.

1. ಮೊದಲು ನಿಮ್ಮ ಸಹಿ ಎಲ್ಲಿದೆ ನೋಡಿ

ಸಾಲದ ಮಂಜೂರಾತಿ ಪತ್ರ ಮತ್ತು ಒಪ್ಪಂದದ ಪ್ರತಿ ಹುಡುಕಿ. ಮನೆಯಲ್ಲಿ ಸಿಗದಿದ್ದರೆ ಬ್ಯಾಂಕಿಗೆ ಬರೆದು ಕೇಳಿ. ಅದರಲ್ಲಿ ನಿಮ್ಮ ಹೆಸರು ಯಾವ ಪಾತ್ರದಲ್ಲಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಸಹ ಸಾಲಗಾರ ಎಂದಿದ್ದರೆ ಅದು ನಿಮ್ಮದೇ ಸಾಲ. ಅಪ್ಪ ಇದ್ದರೂ ಇಲ್ಲದಿದ್ದರೂ ಪೂರ್ತಿ ಮೊತ್ತ ನಿಮ್ಮ ತಲೆ ಮೇಲೆ. ಜಾಮೀನುದಾರ ಎಂದಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ. ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಈ ಎರಡರಲ್ಲಿ ಒಂದು ನೀವಾಗಿದ್ದರೆ ಕೆಳಗಿನ ಹಂತಗಳು ನಿಮ್ಮನ್ನು ಉಳಿಸುವುದಿಲ್ಲ. ಬ್ಯಾಂಕಿನೊಂದಿಗೆ ಕೂತು ಕಂತು ಸರಿಮಾಡಿಕೊಳ್ಳುವುದೇ ದಾರಿ.

ಸಾಕ್ಷಿಯಾಗಿ ಸಹಿ ಹಾಕಿದ್ದರೆ, ಅಥವಾ ಅರ್ಜಿಯಲ್ಲಿ 'ಸಂಪರ್ಕಿಸಬೇಕಾದವರು' ಎಂದು ನಿಮ್ಮ ನಂಬರ್ ಕೊಟ್ಟಿದ್ದರೆ ಅದರಿಂದ ಹೊಣೆ ಬರುವುದಿಲ್ಲ. ಅಪ್ಪನ ಖಾತೆಗೆ ನಾಮಿನಿ ಆಗಿದ್ದರೂ ಅಷ್ಟೇ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯಲು ಹೆಸರಿಸಿದವರು, ಸಾಲ ತೀರಿಸಲು ಅಲ್ಲ. ಆದರೆ ಖಾತೆಯಿಂದ ಹಾಗೆ ಬಂದ ಹಣ ಅಪ್ಪನ ಆಸ್ತಿಯ ಲೆಕ್ಕಕ್ಕೇ ಸೇರುತ್ತದೆ, ನೆನಪಿರಲಿ.

ಅಪ್ಪನ ಕಾರ್ಡಿನ ಮೇಲೆ ಪಡೆದ ಆ್ಯಡ್-ಆನ್ ಕಾರ್ಡ್ ನಿಮ್ಮ ಬಳಿ ಇದ್ದರೆ ಇವತ್ತೇ ಒಳಗಿಡಿ. ಅಪ್ಪ ಇದ್ದಾಗ ಮಾಡಿದ ಖರ್ಚಿಗೆ ಸಾಮಾನ್ಯವಾಗಿ ಮೂಲ ಕಾರ್ಡುದಾರರೇ ಹೊಣೆ. ಅವರು ತೀರಿಕೊಂಡ ಮೇಲೆ ನೀವು ಉಜ್ಜಿದ ಒಂದೊಂದು ರೂಪಾಯಿಗೂ ನೀವೇ ಉತ್ತರ ಹೇಳಬೇಕಾಗುತ್ತದೆ.

2. ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಖಾತೆಗೆ ಕೈ ಹಾಕಬೇಡಿ

ಮರಣ ಪ್ರಮಾಣ ಪತ್ರದ ಏಳೆಂಟು ಪ್ರತಿ ತೆಗೆದಿಟ್ಟುಕೊಳ್ಳಿ. ಸಾಲ ಕೊಟ್ಟ ಪ್ರತಿಯೊಂದು ಸಂಸ್ಥೆಗೂ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ಯಾರ ದಾಖಲೆಯಲ್ಲೂ ಇರುವುದಿಲ್ಲ. ಇಂದು ಮಾತಾಡಿದ ಏಜೆಂಟ್ ನಾಳೆ ಇರುವುದಿಲ್ಲ, ಹೊಸಬರು ಮೊದಲಿನಿಂದ ಶುರು ಮಾಡುತ್ತಾರೆ. ಪತ್ರ ಉದ್ದವಿರಬೇಕಿಲ್ಲ:

"ನಿಮ್ಮ ಗ್ರಾಹಕರಾದ ನಮ್ಮ ತಂದೆಯವರು (ಸಾಲದ ಖಾತೆ ಸಂಖ್ಯೆ / ಕಾರ್ಡಿನ ಕೊನೆಯ ನಾಲ್ಕು ಅಂಕಿ) ಇಂಥ ದಿನಾಂಕದಂದು ನಿಧನರಾಗಿದ್ದಾರೆ. ಮರಣ ಪ್ರಮಾಣ ಪತ್ರ ಲಗತ್ತಿಸಿದೆ. ದಯವಿಟ್ಟು ಕಾರ್ಡನ್ನು ನಿಷ್ಕ್ರಿಯಗೊಳಿಸಿ. ನಿಧನದ ದಿನಕ್ಕೆ ಇದ್ದ ಬಾಕಿಯ ವಿವರ, ಸಾಲದ ಒಪ್ಪಂದದ ಪ್ರತಿ ಹಾಗೂ ಈ ಸಾಲಕ್ಕೆ ವಿಮೆ ಇದ್ದಲ್ಲಿ ಅದರ ವಿವರ ಕಳುಹಿಸಿ. ನಾನು ಈ ಸಾಲಕ್ಕೆ ಸಹ ಸಾಲಗಾರನೂ ಅಲ್ಲ, ಜಾಮೀನುದಾರನೂ ಅಲ್ಲ. ಈ ಪತ್ರವು ಸಾಲವನ್ನು ಒಪ್ಪಿಕೊಂಡಂತೆ ಆಗಲಿ, ತೀರಿಸುವ ಭರವಸೆ ಕೊಟ್ಟಂತೆ ಆಗಲಿ ಅಲ್ಲ."

ಕೊನೆಯ ವಾಕ್ಯ ಬಿಡಬೇಡಿ. ಏಕೆಂದು ಐದನೇ ಹಂತದಲ್ಲಿ ಹೇಳುತ್ತೇನೆ.

ಕಾರ್ಡಿನ ವಿಷಯದಲ್ಲಿ ತಡ ಮಾಡುವುದು ದುಬಾರಿ. ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೇ ಶೇ. 3ರ ಆಸುಪಾಸು, ಜೊತೆಗೆ ತಡ ಶುಲ್ಕ. ಮೊಬೈಲ್ ರೀಚಾರ್ಜು, ಓಟಿಟಿ ಚಂದಾಗಳು ಆ ಕಾರ್ಡಿನಿಂದ ತಾನೇ ತಾನಾಗಿ ಕಡಿತವಾಗುತ್ತಿರಬಹುದು. ಸಾವಿನ ನಂತರ ಸೇರಿದ ಬಡ್ಡಿ, ಶುಲ್ಕಗಳನ್ನು ಕೈಬಿಡಿ ಎಂದು ಕೇಳಲು ನಿಮ್ಮ ಪತ್ರದ ದಿನಾಂಕವೇ ಆಧಾರ.

ಎಲ್ಲರೂ ಎಡವುವುದು ಇಲ್ಲೇ: ಅಪ್ಪನ ಎಟಿಎಂ ಪಿನ್ ಗೊತ್ತಿದೆ ಎಂದು ಹಣ ತೆಗೆಯುವುದು, ಅವರ ಮೊಬೈಲಿನ ಯುಪಿಐಯಿಂದ ತಮ್ಮ ಖಾತೆಗೆ ಕಳಿಸಿಕೊಳ್ಳುವುದು. ಆಸ್ಪತ್ರೆ ಬಿಲ್ಲು ಕಟ್ಟಲೆಂದೇ ಮಾಡಿರಬಹುದು. ಆದರೂ ಖಾತೆದಾರರು ತೀರಿಕೊಂಡ ಮೇಲೆ ಆ ಖಾತೆಯಿಂದ ಹಣ ತೆಗೆಯುವ ಅಧಿಕಾರ ಯಾರಿಗೂ ಇರುವುದಿಲ್ಲ, ಕ್ಲೇಮ್ ಅರ್ಜಿಯ ಮೂಲಕವೇ ಹೋಗಬೇಕು. ಮುಂದೆ ನ್ಯಾಯಾಲಯದಲ್ಲಿ "ನಮಗೇನೂ ಸಿಗಲಿಲ್ಲ" ಎಂದಾಗ ಎದುರಿನವರು ಮೊದಲು ತೆಗೆದು ತೋರಿಸುವುದು ಆ ಸ್ಟೇಟ್‌ಮೆಂಟನ್ನೇ.

3. ಸಾಲಕ್ಕೆ ವಿಮೆ ಇತ್ತೇ ಹುಡುಕಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಪರ್ಸನಲ್ ಲೋನ್ ಕೊಡುವಾಗ ಎಷ್ಟೋ ಸಂಸ್ಥೆಗಳು ಸಾಲ ಸುರಕ್ಷಾ ವಿಮೆಯನ್ನೂ ಸೇರಿಸಿ ಮಾರಿರುತ್ತವೆ. ಸಾಲಗಾರ ತೀರಿಕೊಂಡರೆ ಬಾಕಿಯನ್ನು ವಿಮಾ ಕಂಪನಿ ತುಂಬುವ ವ್ಯವಸ್ಥೆ ಅದು. ಅಪ್ಪನಿಗೇ ಅದು ಗೊತ್ತಿರಲಿಲ್ಲ ಎನ್ನುವುದು ಅಪರೂಪವಲ್ಲ. ಪತ್ತೆ ಮಾಡುವ ಸುಲಭ ಉಪಾಯ ಹೇಳುತ್ತೇನೆ. ಮಂಜೂರಾದ ಮೊತ್ತ ಎಷ್ಟು, ಖಾತೆಗೆ ನಿಜವಾಗಿ ಜಮಾ ಆದದ್ದೆಷ್ಟು ಹೋಲಿಸಿ. ಐದು ಲಕ್ಷ ಮಂಜೂರಾಗಿ 4,82,000 ಜಮಾ ಆಗಿದ್ದರೆ ನಡುವಿನ 18,000 ಎಲ್ಲಿ ಹೋಯಿತು? ಒಂದಷ್ಟು ಪ್ರೊಸೆಸಿಂಗ್ ಶುಲ್ಕ, ಉಳಿದದ್ದು ವಿಮಾ ಕಂತು ಇರಬಹುದು. ಕೆಲವು ಕ್ರೆಡಿಟ್ ಕಾರ್ಡುಗಳಿಗೂ ಇಂಥ ರಕ್ಷಣೆ ಇರುತ್ತದೆ, ಕಾರ್ಡಿನ ನಿಯಮಾವಳಿಯಲ್ಲಿ ನೋಡಿ. ಕ್ಲೇಮ್ ತಿಳಿಸಲು ಪಾಲಿಸಿಯಲ್ಲಿ ಗಡುವು ಹಾಕಿರಬಹುದು, ಅದಕ್ಕೇ ಇದನ್ನು ಮುಂದೂಡಬಾರದು.

4. ಅಪ್ಪ ಬಿಟ್ಟುಹೋದದ್ದರ ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ಕಾಲಂ ಹಾಕಿ. ಎಡಕ್ಕೆ ಸಾಲಕ್ಕೆ ಉತ್ತರ ಹೇಳಬೇಕಾದ ಆಸ್ತಿ, ಬಲಕ್ಕೆ ಸಾಲ ಮುಟ್ಟಲಾಗದ್ದು.

ಎಡಕ್ಕೆ ಬರುವುದು ಅಪ್ಪನ ಹೆಸರಿನ ಎಸ್‌ಬಿ ಖಾತೆ, ಎಫ್‌ಡಿ, ಷೇರು, ವಾಹನ, ಅವರ ಸ್ವಂತ ಮನೆ ಅಥವಾ ನಿವೇಶನ. ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪನ ಪಾಲೂ ಇಲ್ಲಿಗೇ. ನಿಮ್ಮ ಸ್ವಂತ ಪಾಲು ಮಾತ್ರ ಇಲ್ಲಿಗೆ ಬರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಅಪ್ಪನ ಠೇವಣಿ ಇದ್ದರೆ ಬ್ಯಾಂಕು ಅದನ್ನು ಸಾಲಕ್ಕೆ ಹೊಂದಿಸಿಕೊಳ್ಳಬಹುದು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ.

ಬಲಕ್ಕೆ ಬರುವುದರಲ್ಲಿ ಮುಖ್ಯವಾದದ್ದು ಭವಿಷ್ಯ ನಿಧಿ. ನಾಮಿನಿಯ ಕೈ ಸೇರುವ ಇಪಿಎಫ್ ಹಣ ಮೃತರ ಸಾಲಗಳಿಂದ ಮುಕ್ತ ಎಂದು ಕಾನೂನೇ ಹೇಳುತ್ತದೆ. ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ಅಮ್ಮನದೇ ಹಕ್ಕು, ಅಪ್ಪ ಬಿಟ್ಟುಹೋದ ಆಸ್ತಿಯಲ್ಲ. ಅಪ್ಪ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಜೀವ ವಿಮೆ ಮಾಡಿಸಿದ್ದರೆ ಆ ಹಣವೂ ಸಾಲಗಾರರ ಕೈಗೆ ಸಿಗುವುದಿಲ್ಲ. ಪಾಲಿಸಿಯ ಮೇಲೆ ಅದನ್ನು ನಮೂದಿಸಿರುತ್ತಾರೆ, ನೋಡಿ. ಅಮ್ಮನ ಸ್ತ್ರೀಧನ, ಅಮ್ಮನ ಹೆಸರಿನ ಚಿನ್ನ ಎಂದಿಗೂ ಅಪ್ಪನ ಆಸ್ತಿಯಾಗಿರಲಿಲ್ಲ.

ಈಗ ಒಂದು ಲೆಕ್ಕ ನೋಡೋಣ. ನಿವೃತ್ತರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ದುಡಿಯುವ ಮಗ, ಮದುವೆಯಾದ ಮಗಳು. ಮನೆ ಬಾಡಿಗೆಯದು. ಒಂದು ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಬಾಕಿ 3,20,000, ಇನ್ನೊಂದು ಬ್ಯಾಂಕಿನ ಕಾರ್ಡ್ ಬಾಕಿ 1,00,000. ಒಟ್ಟು 4,20,000 ರೂಪಾಯಿ. ಮಕ್ಕಳ ಸಹಿ ಎಲ್ಲೂ ಇಲ್ಲ, ಸಾಲಕ್ಕೆ ವಿಮೆಯೂ ಇಲ್ಲ.

ಅವರು ಬಿಟ್ಟುಹೋದದ್ದು ಲೋನ್ ಕೊಟ್ಟ ಬ್ಯಾಂಕಿನ ಎಸ್‌ಬಿ ಖಾತೆಯಲ್ಲಿ 20,000, ಮೂರನೇ ಬ್ಯಾಂಕೊಂದರಲ್ಲಿ 2,00,000ದ ಎಫ್‌ಡಿ, ಮಾರಿದರೆ 30,000 ಬರುವ ಸ್ಕೂಟರ್. ಜೊತೆಗೆ ಹೆಂಡತಿಯ ಹೆಸರಿಗೆ ಮೇಲೆ ಹೇಳಿದ ಕಾಯ್ದೆಯಡಿ ಮಾಡಿಸಿದ 4,00,000ದ ವಿಮೆ. ವಿಮೆ ಬಲಗಡೆಯ ಕಾಲಮಿಗೆ ಹೋಗುತ್ತದೆ, ಲೆಕ್ಕಕ್ಕೆ ಬರುವುದು 2,50,000 ಮಾತ್ರ.

ಸ್ಕೂಟರ್ ಮಾರಿದ 30,000 ಅಂತ್ಯಕ್ರಿಯೆಗೆ ಹೋಯಿತು. ಮಿತಿಯಲ್ಲಿರುವ ಅಂತ್ಯಕ್ರಿಯೆ ಖರ್ಚಿಗೆ ಬೇರೆ ಸಾಲಗಳಿಗಿಂತ ಮೊದಲ ಸ್ಥಾನ, ರಸೀದಿ ಇಟ್ಟುಕೊಂಡರೆ ಸಾಕು. ಎಸ್‌ಬಿಯ 20,000ವನ್ನು ಮೊದಲ ಬ್ಯಾಂಕ್ ಹೊಂದಿಸಿಕೊಂಡಿತು, ಲೋನ್ 3,00,000ಕ್ಕೆ ಇಳಿಯಿತು. ಉಳಿದದ್ದು ಎಫ್‌ಡಿಯ 2,00,000. ಅದರ ಎದುರು ನಿಂತಿರುವ ಸಾಲ 3,00,000 ಮತ್ತು 1,00,000, ಅಂದರೆ 4,00,000. ರೂಪಾಯಿಗೆ ಐವತ್ತು ಪೈಸೆಯ ಲೆಕ್ಕದಲ್ಲಿ ಲೋನ್ ಬ್ಯಾಂಕಿಗೆ 1,50,000, ಕಾರ್ಡ್ ಬ್ಯಾಂಕಿಗೆ 50,000 ಕೊಟ್ಟರೆ ಅಪ್ಪನ ಆಸ್ತಿ ಮುಗಿಯಿತು. ಉಳಿದ 2,00,000 ಬ್ಯಾಂಕುಗಳ ನಷ್ಟ. ಮಗನ ಸಂಬಳಕ್ಕಾಗಲಿ ಮಗಳ ಮನೆಗಾಗಲಿ ಅದು ಬರುವುದಿಲ್ಲ. ಹೆಚ್ಚು ಗಲಾಟೆ ಮಾಡಿದವರಿಗೆ ಪೂರ್ತಿ ಕೊಟ್ಟು ಇನ್ನೊಬ್ಬರಿಗೆ ಕೈ ಎತ್ತುವುದಕ್ಕಿಂತ ಹೀಗೆ ಪ್ರಮಾಣದ ಮೇಲೆ ಹಂಚುವುದು ಕ್ಷೇಮ.

ಇದೇ ಅಪ್ಪನಿಗೆ ಮೂವತ್ತು ಲಕ್ಷದ ಸ್ವಂತ ಮನೆ ಇದ್ದಿದ್ದರೆ? ಆಗ 4,20,000 ಪೂರ್ತಿ ತೀರಿಸುವುದೇ ಜಾಣತನ, ಅದೂ ಬೇಗ. ಮನೆಯನ್ನು ಅಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಮಾಡಿಕೊಟ್ಟರೆ ಸಾಲ ತಪ್ಪುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ತಪ್ಪುವುದಿಲ್ಲ. ಅಮ್ಮನೂ ವಾರಸುದಾರಳೇ, ಮನೆ ಯಾರ ಕೈಗೆ ಹೋದರೂ ಅದು ಅಪ್ಪನ ಆಸ್ತಿಯೇ. ಸಾಲ ತೀರಿಸದೆ ಮಾರಿ ಹಂಚಿಕೊಂಡರೆ ಪಡೆದ ಹಣದಷ್ಟಕ್ಕೆ ನೀವು ಉತ್ತರ ಕೊಡಬೇಕಾಗುತ್ತದೆ.

5. ಫೋನ್ ಬಂದಾಗ

ರಿಕವರಿಯವರ ಮಾತಿಗೆ ಒಂದು ಧಾಟಿ ಇದೆ. ಮೊದಲು ಸಾಂತ್ವನ, ಆಮೇಲೆ "ಮಗ ಅಲ್ವಾ ಸಾರ್ ನೀವು", ಆಮೇಲೆ "ನಿಮ್ಮ ಸಿಬಿಲ್ ಹಾಳಾಗುತ್ತೆ". ಕೊನೆಗೆ ನಿಜವಾದ ಗಾಳ: "ಪೂರ್ತಿ ಬೇಡ, ಇವತ್ತು ಒಂದು ಐದು ಸಾವಿರ ಹಾಕಿ, ಫೈಲ್ ಹಾಗೇ ನಿಲ್ಲಿಸ್ತೀನಿ."

ಸಿಬಿಲ್ ಮಾತು ಸುಳ್ಳು. ಸಾಲ ಇರುವುದು ಅಪ್ಪನ ಪ್ಯಾನ್ ನಂಬರಿನಲ್ಲಿ. ನೀವು ಸಹ ಸಾಲಗಾರರೋ ಜಾಮೀನುದಾರರೋ ಆಗಿಲ್ಲದಿದ್ದರೆ ನಿಮ್ಮ ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಐದು ಸಾವಿರದ ಮಾತು ಮಾತ್ರ ಅಪಾಯದ್ದು. ಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಇದೆ. ಆ ಗಡುವಿನೊಳಗೆ ಸಾಲ ಇದೆ ಎಂದು ಬರೆದು ಸಹಿ ಹಾಕಿದರೆ, ಅಥವಾ ಬರಹದ ದಾಖಲೆಯೊಂದಿಗೆ ಸ್ವಲ್ಪ ಹಣ ಕಟ್ಟಿದರೆ, ಅಲ್ಲಿಂದ ಹೊಸ ಎಣಿಕೆ ಶುರುವಾಗಬಹುದು. ಅದಕ್ಕಿಂತ ಕೆಟ್ಟದ್ದು 'ಕಂತು ಮರುಹೊಂದಾಣಿಕೆ' ಎಂದು ತರುವ ಫಾರ್ಮು. ಅದರಲ್ಲಿ ಸಾಲಗಾರರ ಜಾಗದಲ್ಲಿ ನಿಮ್ಮ ಹೆಸರಿದ್ದು ನೀವು ಸಹಿ ಮಾಡಿದರೆ ಅಪ್ಪನ ಸಾಲ ಅಲ್ಲಿಗೆ ಮುಗಿದು ನಿಮ್ಮ ಸಾಲ ಹುಟ್ಟುತ್ತದೆ. ನಿಮ್ಮ ಸ್ವಂತ ಚೆಕ್ ಕೊಡುವುದಂತೂ ಬೇಡವೇ ಬೇಡ. ಅಪ್ಪ ಕೊಟ್ಟಿದ್ದ ಚೆಕ್ ಬೌನ್ಸ್ ಆದರೆ ಮಕ್ಕಳ ಮೇಲೆ ಕ್ರಿಮಿನಲ್ ಕೇಸ್ ಹಾಕುವಂತಿಲ್ಲ, ನಿಮ್ಮದು ಬೌನ್ಸ್ ಆದರೆ ಆರೋಪಿ ನೀವೇ.

ಆದ್ದರಿಂದ ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: "ತಿಳಿಸುವುದನ್ನು ಬರಹದಲ್ಲಿ ಕಳಿಸಿ. ನಾನು ಇಂಥ ದಿನಾಂಕದಂದು ಬ್ಯಾಂಕಿಗೆ ಪತ್ರ ಬರೆದಿದ್ದೇನೆ, ಅದಕ್ಕೆ ಉತ್ತರ ಕೊಡಿ." ವಾದಕ್ಕಿಳಿಯಬೇಡಿ, 'ಕಟ್ತೀನಿ' ಅನ್ನಬೇಡಿ, 'ಕಟ್ಟೋದೇ ಇಲ್ಲ' ಎಂದೂ ಅನ್ನಬೇಡಿ.

ಆರ್‌ಬಿಐ ನಿಯಮದಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಹಾಗೆ ಮಾಡಿದರೆ ಕರೆಯ ದಿನಾಂಕ, ಸಮಯ, ನಂಬರ್ ಬರೆದಿಟ್ಟುಕೊಂಡು ಮೊದಲು ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು, ಶುಲ್ಕವಿಲ್ಲ. ನೇರವಾಗಿ ಓಂಬುಡ್ಸ್‌ಮನ್‌ಗೆ ಹೋದರೆ ದೂರು ವಾಪಸ್ ಬರುತ್ತದೆ.

6. ರಾಜಿ ಮಾಡಿಕೊಳ್ಳುವುದಾದರೆ

ಪಟ್ಟಿ ಕೈಯಲ್ಲಿದ್ದರೆ ಮಾತುಕತೆ ಸುಲಭ. "ಅಪ್ಪ ಬಿಟ್ಟದ್ದು ಇಷ್ಟು, ಖರ್ಚು ಇಷ್ಟು, ನಿಮ್ಮ ಪಾಲಿಗೆ ಬರುವುದು ಇಷ್ಟು" ಎಂದು ದಾಖಲೆ ಸಮೇತ ಬ್ಯಾಂಕಿನ ಶಾಖೆಗೇ ಬರೆಯಿರಿ, ಏಜೆಂಟರಿಗಲ್ಲ. ಕೋರ್ಟಿಗೆ ಹೋದರೂ ಸಿಗುವುದು ಅಷ್ಟೇ ಎಂದು ಬ್ಯಾಂಕಿಗೂ ಗೊತ್ತಿರುತ್ತದೆ, ಹಾಗಾಗಿ ಏಕಕಾಲಿಕ ಇತ್ಯರ್ಥಕ್ಕೆ, ಅಂದರೆ ಒಂದೇ ಸಲ ಒಂದು ಮೊತ್ತ ಪಡೆದು ಕಡತ ಮುಚ್ಚುವುದಕ್ಕೆ, ಅನೇಕ ಬಾರಿ ಒಪ್ಪುತ್ತಾರೆ.

ಕ್ರಮ ತಪ್ಪಬಾರದು. ಮೊದಲು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಇತ್ಯರ್ಥ ಪತ್ರ, ಆಮೇಲೆ ಹಣ. ಪತ್ರದಲ್ಲಿ ಸಾಲದ ಸಂಖ್ಯೆ, ಮೊತ್ತ, ಇದರಿಂದ ಪೂರ್ತಿ ಬಾಕಿ ಮುಗಿಯುತ್ತದೆ ಎಂಬ ಮಾತು, ನೀವು ಕಟ್ಟುತ್ತಿರುವುದು ಮೃತರ ಆಸ್ತಿಯಿಂದ ಎಂಬ ಮಾತು ನಾಲ್ಕೂ ಇರಲಿ. ಹಣ ಸಾಲದ ಖಾತೆಗೇ ಹೋಗಬೇಕು, ಏಜೆಂಟರ ಯುಪಿಐಗೆ ಒಂದು ರೂಪಾಯಿಯೂ ಬೇಡ. ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಪ್ರಮಾಣ ಪತ್ರ ಪಡೆಯಿರಿ. ಸಂಸ್ಥೆಗಳು ಹಳೆಯ ಬಾಕಿಗಳನ್ನು ಬೇರೆ ಕಂಪನಿಗೆ ಮಾರುವುದುಂಟು. ಐದು ವರ್ಷದ ನಂತರ ಯಾರೋ ಹೊಸಬರು ಫೋನ್ ಮಾಡಿದರೆ ಆ ಒಂದು ಹಾಳೆಯೇ ಉತ್ತರ.

7. ಕೋರ್ಟ್ ಸಮನ್ಸ್ ಬಂದರೆ

ವಕೀಲರ ನೋಟೀಸು ಬೇರೆ, ನ್ಯಾಯಾಲಯದ ಸಮನ್ಸ್ ಬೇರೆ. ನೋಟೀಸಿಗೆ ಎರಡನೇ ಹಂತದ ಪತ್ರದ ಧಾಟಿಯಲ್ಲೇ ಉತ್ತರ ಕೊಡಿ. ಸಮನ್ಸ್ ಬಂದರೆ ವಕೀಲರನ್ನು ಹಿಡಿಯಲೇಬೇಕು. ಲಿಖಿತ ಹೇಳಿಕೆ ಸಲ್ಲಿಸಲು ಸಮನ್ಸ್ ಜಾರಿಯಾದ ದಿನದಿಂದ 30 ದಿನ, ನ್ಯಾಯಾಲಯ ಕಾರಣ ಒಪ್ಪಿದರೆ 90 ದಿನದವರೆಗೆ ಅವಕಾಶ. ಅಪ್ಪ ಬದುಕಿದ್ದಾಗಲೇ ದಾವೆ ಹೂಡಿದ್ದರೆ ಅವರ ಜಾಗದಲ್ಲಿ ನಿಮ್ಮ ಹೆಸರು ಸೇರಿಸಿರುತ್ತಾರೆ. ಹೆಸರು ಬಂದ ಮಾತ್ರಕ್ಕೆ ಸ್ವಂತ ಹೊಣೆ ಬಂತು ಎಂದು ಗಾಬರಿಯಾಗಬೇಡಿ.

"ನಾನು ಸಾಲ ಮಾಡಿಲ್ಲ, ಕೋರ್ಟಿಗೆ ಯಾಕೆ ಹೋಗಲಿ" ಎಂದು ಮನೆಯಲ್ಲೇ ಕೂತವರನ್ನು ನೋಡಿದ್ದೇನೆ. ನ್ಯಾಯಾಲಯ ಏಕಪಕ್ಷೀಯವಾಗಿ ಆದೇಶ ಮಾಡುತ್ತದೆ, ಆಮೇಲೆ ಓಡಾಟ ಎರಡರಷ್ಟು. ಸಂಹಿತೆಯ 52ನೇ ಕಲಂ ಏನು ಹೇಳುತ್ತದೆಂದರೆ, ಮೃತರ ಆಸ್ತಿ ನಿಮ್ಮ ಕೈಗೆ ಬಂದದ್ದು ಸಾಬೀತಾಗಿ, ಅದೀಗ ನಿಮ್ಮ ಬಳಿ ಇಲ್ಲದೆ, ಸರಿಯಾಗಿ ವಿನಿಯೋಗಿಸಿದ್ದನ್ನು ತೋರಿಸಲೂ ಆಗದಿದ್ದರೆ, ಆ ಮೊತ್ತದಷ್ಟಕ್ಕೆ ನಿಮ್ಮ ಸ್ವಂತ ಆಸ್ತಿಯ ಮೇಲೂ ಜಾರಿ ಮಾಡಬಹುದು. ಸಹಿ ಹಾಕದ ಮಕ್ಕಳ ಸ್ವಂತ ಹಣಕ್ಕೆ ಅಪ್ಪನ ಸಾಲ ಬರುವ ಬಾಗಿಲು ಇದು. ನಾಲ್ಕನೇ ಹಂತದ ನೋಟ್‌ಬುಕ್, ಸ್ಕೂಟರ್ ಮಾರಿದ ಚೀಟಿ, ಅಂತ್ಯಕ್ರಿಯೆಯ ರಸೀದಿ, ಎಫ್‌ಡಿ ಹಣ ಎರಡು ಬ್ಯಾಂಕಿಗೆ ಹೋದ ಸ್ಟೇಟ್‌ಮೆಂಟ್ ಬೇಕಾಗುವುದು ಆಗ. ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ವಕೀಲರಿಗೆ ನಕಲು ಮಾತ್ರ ಕೊಡಿ, ಮೂಲ ಪ್ರತಿಗಳು ನಿಮ್ಮ ಬಳಿಯೇ ಇರಲಿ.